ವರದಿಯಲ್ಲಿ ಎಲ್ಲ ಹಸಿರು, ಕೆಲಸ ಮಾತ್ರ ಎರಡು ತಿಂಗಳು ತಡ

ಮಂಡ್ಯದ ಹತ್ತಿರ ಹಾಸ್ಟೆಲ್ ಕಟ್ಟಡದ ಸೈಟ್ ಎಂಜಿನಿಯರ್ ನಾನು. ಪ್ರತಿ ಸೋಮವಾರ ವರದಿ ಕಳಿಸ್ತೀನಿ. ಕೆಲಸ ಶೇ 72 ಮುಗಿಯೋವರೆಗೂ ಎಲ್ಲ ಹಸಿರೇ ಇತ್ತು, ಅಂದ್ರೆ ಸಮಯಕ್ಕೆ ಸರಿಯಾಗಿದೆ ಅಂತ. ಈಗ ನೋಡಿದ್ರೆ ಎರಡು ತಿಂಗಳು ತಡ. ಮೊದಲೇ ಗೊತ್ತಾಗೋಕೆ ಏನನ್ನ ಅಳೀಬೇಕಿತ್ತು?

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ತಡ ಆದ ಮೇಲೆಯೇ ಬರುತ್ತದೆ. ಅದಕ್ಕೇ ಬೇಜಾರು.

ನೀವು ಕಳಿಸಿದ್ದೆಲ್ಲ ಲ್ಯಾಗಿಂಗ್ ಅಂಕಿಗಳು. ಮುಗಿದ ಶೇಕಡಾ, ಆದ ಖರ್ಚು, ಪಾಸಾದ ಬಿಲ್ಲು, ಎಲ್ಲವೂ ನಡೆದುಹೋದ ಕೆಲಸದ ಲೆಕ್ಕ. ಅದರಲ್ಲೂ ಶೇಕಡಾವನ್ನು ಹಣದ ಮೇಲೆ ಲೆಕ್ಕ ಹಾಕುತ್ತಾರೆ. ಪಿಲ್ಲರ್, ಸ್ಲ್ಯಾಬ್, ಗೋಡೆಗೆ ಹಣ ಜಾಸ್ತಿ, ಹಾಗಾಗಿ ಅಂಕಿ ಬೇಗ ಏರುತ್ತದೆ. ಫಿನಿಶಿಂಗ್‌ಗೆ ಬಂದಾಗ ಹಣ ಕಡಿಮೆ, ಆದರೆ ಪೇಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್‌ನವರು ಒಬ್ಬರಿಗೊಬ್ಬರು ಕಾಯುತ್ತಾರೆ. ಅಲ್ಲಿ ಅಂಕಿ ನಿಂತುಬಿಡುತ್ತದೆ.

ನಿಮ್ಮಂಥ ಕಟ್ಟಡದ ಕಿಟಕಿಯನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 1ಕ್ಕೆ ಕೂರಿಸಬೇಕು, ತಯಾರಾಗಿ ಬರಲು ಆರು ವಾರ ಬೇಕು ಅಂದರೆ ಜುಲೈ 21ಕ್ಕೆ ಆರ್ಡರ್ ಹೋಗಿರಬೇಕು. ಅದಕ್ಕೂ ಮೊದಲು ಕಿಟಕಿ ಅಂಚಿನ ಗಾರೆ ಮುಗಿಸಿ ಅಳತೆ ತೆಗೆದಿರಬೇಕು, ಡ್ರಾಯಿಂಗ್‌ಗೆ ಒಪ್ಪಿಗೆ ಸಿಕ್ಕಿರಬೇಕು. ಜುಲೈ 21ಕ್ಕೆ ಡ್ರಾಯಿಂಗ್ ಇನ್ನೂ ಆಫೀಸಿನಲ್ಲೇ ಇದ್ದರೆ ಆ ದಿನವೇ ನೀವು ತಡ. ಆದರೆ ನಿಮ್ಮ ವರದಿಗೆ ಅದು ಸೆಪ್ಟೆಂಬರ್‌ವರೆಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಮೇಲಿನ ಸ್ಲ್ಯಾಬ್ ಬಿದ್ದು ಶೇಕಡಾ ಏರುತ್ತಲೇ ಇರುತ್ತದೆ. ಕಿಟಕಿ ಇಲ್ಲದೆ ಮಳೆ ಒಳಗೆ ಬರುತ್ತದೆ, ಪುಟ್ಟಿ, ಪೇಂಟ್, ಫ್ಯಾನು, ಲೈಟು ಎಲ್ಲ ಅದರ ಹಿಂದೆ ಸಾಲಾಗಿ ನಿಲ್ಲುತ್ತವೆ.

ಆದ್ದರಿಂದ ಅಳೆಯಬೇಕಾದ್ದು ಲೀಡಿಂಗ್ ಅಂಕಿ, ಅಂದರೆ ತಡ ಆಗುವ ಮೊದಲೇ ಎಚ್ಚರಿಸುವ ಅಂಕಿ. ಅದು ಇದು: ಮುಂದಿನ ಆರು ವಾರದಲ್ಲಿ ಶುರುವಾಗಬೇಕಾದ ಕೆಲಸಗಳಲ್ಲಿ ಎಷ್ಟಕ್ಕೆ ಎಲ್ಲವೂ ಸಿದ್ಧವಿದೆ? ಡ್ರಾಯಿಂಗ್, ಸಾಮಾನು, ಆಳು, ಹಿಂದಿನ ಕೆಲಸ, ಅನುಮತಿ, ಈ ಐದನ್ನೂ ನೋಡಿ. ದೂರದ ಕೆಲಸಕ್ಕೆ ಸಾಮಾನು ಇವತ್ತೇ ಸೈಟಿಗೆ ಬಂದಿರಬೇಕಿಲ್ಲ, ಆರ್ಡರ್ ಹೋಗಿ ಬರುವ ತಾರೀಖು ಕೈಯಲ್ಲಿದ್ದರೆ ಸಾಕು. ಐದರಲ್ಲಿ ಒಂದು ಇಲ್ಲದಿದ್ದರೂ ಆ ಕೆಲಸ ಸಿದ್ಧವಿಲ್ಲ. ಅರ್ಧ ಅಂಕ ಕೊಡಬೇಡಿ.

ಪಟ್ಟಿಯಲ್ಲಿ 30 ಕೆಲಸ ಇವೆ ಅಂದುಕೊಳ್ಳಿ. ಮೊದಲ ಸೋಮವಾರ 24 ಸಿದ್ಧ. ಎರಡು ವಾರದ ನಂತರ 19, ಮತ್ತೆರಡು ವಾರಕ್ಕೆ 14. ಅದೇ ಹೊತ್ತಿಗೆ ಮುಗಿದ ಶೇಕಡಾ 58, 63, 67 ಅಂತ ಏರುತ್ತಿರಬಹುದು. ಒಂದು ಏರುತ್ತಾ ಇನ್ನೊಂದು ಇಳಿಯುತ್ತಿದ್ದರೆ ಮೊನ್ನೆ ಕೂಡಿಟ್ಟ ಕೆಲಸವನ್ನು ಇವತ್ತು ಖರ್ಚು ಮಾಡುತ್ತಿದ್ದೀರಿ ಅಂತ ಅರ್ಥ. ಮುಂದಕ್ಕೆ ಏನೂ ತಯಾರಾಗುತ್ತಿಲ್ಲ. 24 ಇದ್ದದ್ದು 19 ಆದ ವಾರವೇ ಎದ್ದು ಕೂರಬೇಕು, ಆಗ ಆರ್ಡರ್ ಹಾಕಲು, ಇನ್ನೊಂದು ತಂಡ ಹುಡುಕಲು ಸಮಯ ಇರುತ್ತದೆ.

ಈ ಅಳತೆಯೂ ಹಾಳಾಗುತ್ತದೆ. ಮೇಲಿನವರು ‘ಶೇ 80 ಇರಲೇಬೇಕು’ ಅಂದ ಕೂಡಲೇ ಎಲ್ಲವೂ ಕಾಗದದಲ್ಲಿ ಸಿದ್ಧವಾಗುತ್ತದೆ, ಇಲ್ಲವೇ ಕಷ್ಟದ ಕೆಲಸ ಪಟ್ಟಿಯಿಂದಲೇ ಮಾಯವಾಗುತ್ತದೆ. ‘ಬರುತ್ತೆ ಸಾರ್’ ಅನ್ನುವುದನ್ನು ಸಿದ್ಧ ಅಂತ ಬರೆಯಬೇಡಿ. ಸಪ್ಲೈಯರ್ ತಾರೀಖು ಹಾಕಿ ಕೊಟ್ಟ ಕಾಗದ ಕೇಳಿ. ಆಳಿನ ವಿಷಯ ಆಫೀಸನ್ನಲ್ಲ, ಮೇಸ್ತ್ರಿಯನ್ನೇ ಕೇಳಿ. ಯುಗಾದಿಗೆ ಊರಿಗೆ ಹೋದವರಲ್ಲಿ ಎಷ್ಟು ಜನ ವಾಪಸ್ ಬರುತ್ತಾರೆ ಅಂತ ಅವರಿಗೇ ಗೊತ್ತು. ಹಾಗೇ ಸಿದ್ಧ ಅಂತ ಬರೆದದ್ದರಲ್ಲಿ ಎಷ್ಟು ಆ ವಾರ ನಿಜವಾಗಿ ಶುರುವಾಯಿತು ಅಂತ ಪಕ್ಕದಲ್ಲೇ ಬರೆದುಕೊಳ್ಳಿ. ಅಲ್ಲಿ ಅಂತರ ದೊಡ್ಡದಿದ್ದರೆ ನಿಮ್ಮ ಸೂಚಕವೇ ಸುಳ್ಳು ಹೇಳುತ್ತಿದೆ.

ಬೇರೆ ಅಳತೆ ಆರಿಸುವಾಗಲೂ ನಿಮ್ಮ ಹಳೆಯ ತಡವಾದ ಪ್ರಾಜೆಕ್ಟಿನ ಕಡತ ತೆಗೆಯಿರಿ. ಆ ಅಂಕಿ ತಡಕ್ಕಿಂತ ಎಷ್ಟು ವಾರ ಮೊದಲು ಕೆಟ್ಟಿತ್ತು? ಆ ವಾರಗಳಲ್ಲಿ ಏನಾದರೂ ಮಾಡಬಹುದಿತ್ತಾ? ಇಲ್ಲ ಅಂದರೆ ಅದು ಬೇಡ.

ನಮ್ಮ ಎಸ್‌ಪಿಐ 0.97 ಇದೆ. ಚಿಂತೆ ಇಲ್ಲ ಅಲ್ವಾ?

ಎಸ್‌ಪಿಐ ಅಂದರೆ ಮುಗಿದ ಕೆಲಸದ ಬೆಲೆಯನ್ನು ಇಷ್ಟರಲ್ಲಿ ಮುಗಿಸಲು ಯೋಜಿಸಿದ ಕೆಲಸದ ಬೆಲೆಯಿಂದ ಭಾಗಿಸಿದ ಅಂಕಿ. ಕೆಲಸ ಕೊನೆಯ ಹಂತದಲ್ಲಿದ್ದರೆ ಅದನ್ನು ನಂಬಬೇಡಿ. ಒಂದು ವರ್ಷ ತಡವಾದ ಪ್ರಾಜೆಕ್ಟಿನ ಎಸ್‌ಪಿಐ ಕೂಡ ಮುಗಿಯುವಾಗ 1ಕ್ಕೇ ಬರುತ್ತದೆ. ಮುಗಿದ ಕೆಲಸದ ಬೆಲೆ, ಯೋಜಿಸಿದ ಕೆಲಸದ ಬೆಲೆ ಎರಡೂ ಕೊನೆಗೆ ಒಂದೇ ಆಗುತ್ತವಲ್ಲ.

28 ದಿನದ ಕ್ಯೂಬ್ ಟೆಸ್ಟ್ ಲೀಡಿಂಗ್ ಅಂತ ನಮ್ಮ ಕನ್ಸಲ್ಟೆಂಟ್ ಹೇಳ್ತಾರೆ. ಸರಿನಾ?

ತಪ್ಪು. ಕಾಂಕ್ರೀಟಿನ ಅಚ್ಚನ್ನು 28 ದಿನದ ಮೇಲೆ ಒಡೆದು ಬಲ ನೋಡುವ ಆ ರಿಪೋರ್ಟ್ ಬರುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಸ್ಲ್ಯಾಬ್ ಬಿದ್ದಿರಬಹುದು. 7 ದಿನದ ಕ್ಯೂಬ್ ಸ್ವಲ್ಪ ಮೊದಲು ಹೇಳುತ್ತದೆ. ಎಲ್ಲಕ್ಕಿಂತ ಮೊದಲು ಹೇಳುವುದು ಹಾಕುವ ದಿನ ಕಾಂಕ್ರೀಟ್ ಎಷ್ಟು ತೆಳುವಾಗಿದೆ ಅಂತ ನೋಡುವ ಸ್ಲಂಪ್, ಮತ್ತು ಹಾಕುವ ಮೊದಲೇ ಹಸಿ ಕಾಂಕ್ರೀಟಿಗೆ ಪೈಪು ಹಿಡಿದು ಹೆಚ್ಚು ನೀರು ಸುರಿಯುವವರು ಯಾರು ಅನ್ನುವುದು.

ನಲವತ್ತು ಸೂಚಕ ಇರೋ ಡ್ಯಾಶ್‌ಬೋರ್ಡ್ ಮಾಡಿಸ್ಬೇಕಾ?

ಬೇಡ. ಮಾರುವವರಿಗೆ ಬಿಟ್ಟರೆ ಯಾರಿಗೂ ಅದರಿಂದ ಲಾಭವಿಲ್ಲ. ಒಂದು ಎಕ್ಸೆಲ್ ಹಾಳೆಯಲ್ಲಿ ಮೂರು ಸಾಲು ಇಡಿ: ಮುಗಿದ ಶೇಕಡಾ, ಸಿದ್ಧವಿರುವ ಕೆಲಸ, ಅದರಲ್ಲಿ ನಿಜವಾಗಿ ಶುರುವಾದದ್ದು.