ಪ್ರೀಮಿಯಂ ಕಟ್ಟಲು ಇನ್ನಷ್ಟು ದಿನ ಕೇಳುವುದು ಹೇಗೆ?

"ಗ್ರೇಸ್ ಅವಧಿ ಜುಲೈ 5ಕ್ಕೆ ಮುಗಿಯುತ್ತೆ. ಸಂಬಳ ಬರೋದು 12ಕ್ಕೆ. ಜೀವ ವಿಮೆ ಕಂಪನಿಗೆ ಏನಂತ ಬರೆಯಲಿ?"

5ನೇ ತಾರೀಖು ದಾಟುವ ಮೊದಲೇ ಬರೆಯಿರಿ. ಕಂತಿನ ದಿನ ದಾಟಿದ ಮೇಲೆ ಸಿಗುವ ಈ ಹೆಚ್ಚುವರಿ ಅವಧಿ ಮುಗಿಯುವವರೆಗೆ ಪಾಲಿಸಿ ಚಾಲ್ತಿಯಲ್ಲಿರುತ್ತದೆ. ದಾಟಿದರೆ ನೀವು ಕೇಳುವುದು ಸಮಯವಲ್ಲ, ನಿಂತ ಪಾಲಿಸಿಯ ಪುನರುಜ್ಜೀವನ. ಅದಕ್ಕೆ ಬಡ್ಡಿ, ಕೆಲವೊಮ್ಮೆ ಹೊಸ ಆರೋಗ್ಯ ಘೋಷಣೆಯೂ ಬೇಕಾಗುತ್ತದೆ.

"ಸ್ವಲ್ಪ ಸಮಯ ಕೊಡಿ" ಅಂತ ಬರೆದರೆ ಅವರಿಗೂ ಏನು ಮಾಡಬೇಕೋ ತಿಳಿಯುವುದಿಲ್ಲ. ತಾರೀಖು ಹೇಳಿ, ಎರಡು ದಿನ ಜಾಸ್ತಿಯೇ ಇಟ್ಟುಕೊಳ್ಳಿ. ಹೀಗೆ ಬರೆಯಬಹುದು:

"ಮಾನ್ಯರೇ, ನನ್ನ ಪಾಲಿಸಿ ಸಂಖ್ಯೆ ಇದು. ಈ ತಿಂಗಳ ಸಂಬಳ ತಡವಾಗಿದ್ದು, 12ಕ್ಕೆ ಕೈಸೇರುತ್ತದೆ. ದಯವಿಟ್ಟು ಜುಲೈ 14ರವರೆಗೆ ಅವಕಾಶ ಕೊಡಿ. ಅಂದು ಪೂರ್ತಿ ಪ್ರೀಮಿಯಂ ಕಟ್ಟುತ್ತೇನೆ. 6ರಿಂದ 14ರವರೆಗೆ ವಿಮಾ ರಕ್ಷಣೆ ಮುಂದುವರಿಯುತ್ತದೆಯೇ, ತಡವಾದ ಶುಲ್ಕ ಎಷ್ಟು ಎಂದು ಬರಹದಲ್ಲಿ ತಿಳಿಸಿ."

ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ತಡವಾಗಿ ಹಣ ತಗೊಳ್ಳಲು ಒಪ್ಪುವುದೇ ಬೇರೆ, ಆ ಒಂಬತ್ತು ದಿನ ರಕ್ಷಣೆ ಇರುವುದೇ ಬೇರೆ. ಫೋನಿನಲ್ಲಿ "ಪರವಾಗಿಲ್ಲ, ಆಮೇಲೆ ಕಟ್ಟಿ" ಅಂದರೆ ನಂಬಿ ಕೂರಬೇಡಿ. ಅದನ್ನೇ ಇಮೇಲ್‌ನಲ್ಲಿ ಕೇಳಿ.

ಗ್ರೇಸ್ ಅವಧಿ ಎಷ್ಟೆಂದು ಒಪ್ಪಂದದಲ್ಲೇ ಇರುವುದರಿಂದ ಅವರು ಆಗಲ್ಲ ಅನ್ನಬಹುದು. ಆಗ ಎರಡು ವಿಷಯ ವಿಚಾರಿಸಿ. ವಾರ್ಷಿಕ ಕಂತನ್ನು ತಿಂಗಳ ಕಂತಿಗೆ ಬದಲಿಸಬಹುದಾ? ಉಳಿತಾಯವಿರುವ ಹಳೆಯ ಪಾಲಿಸಿಯಾದರೆ, ಅದನ್ನು ಮಧ್ಯದಲ್ಲೇ ಬಿಟ್ಟರೆ ಸಿಗುವ ಹಣದ, ಅಂದರೆ ಸರೆಂಡರ್ ಮೌಲ್ಯದ ಮೇಲೆ ಸಾಲ ಪಡೆದು ಈ ಪ್ರೀಮಿಯಂ ಕಟ್ಟಬಹುದಾ? ಉಳಿತಾಯವಿಲ್ಲದ ಬರೀ ಟರ್ಮ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಈ ಸಾಲ ಸಿಗುವುದಿಲ್ಲ. ಹಾಗಿದ್ದರೆ ಏಳು ದಿನದ ಮಟ್ಟಿಗೆ ಮನೆಯವರ ಹತ್ತಿರ ಕೈಸಾಲ ಕೇಳಿಯಾದರೂ 5ರೊಳಗೆ ಕಟ್ಟಿಬಿಡಿ.