ಮಣ್ಣಿನ ಗೋಟಿಯಿಂದ ಬೆಣೆಲಿಪಿಯವರೆಗೆ

ಪ್ರಶ್ನೆ: ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದ ಮಣ್ಣಿನ ಬಿಲ್ಲೆ, ಚಿತ್ರಗಳೆಲ್ಲ ಪೂರ್ತಿ ಬರವಣಿಗೆ ಆಗಿದ್ದು ಹೇಗೆ? ಚಿತ್ರ ಬಿಡಿಸಿದರೆ ಅದೇ ಬರಹ ಅಲ್ಲವೇ?

ಅಲ್ಲ. ಚಿತ್ರ ಮಾತಿನ ಸದ್ದನ್ನು ಹಿಡಿಯುವವರೆಗೆ ಅದು ಲೆಕ್ಕದ ಗುರುತಷ್ಟೇ. ಇದು ಹಂತಹಂತವಾಗಿ ಕಾಣಸಿಗುವುದು ಇಂದಿನ ಇರಾಕ್‌ನ ಉರುಕ್ ಮತ್ತು ಇರಾನ್‌ನ ಸೂಸಾದಲ್ಲಿ.

ಕ್ರಿ.ಪೂ. 3500ರ ಆಸುಪಾಸಿನಲ್ಲಿ ಅಲ್ಲಿನವರು ಶಂಕು, ಗೋಳ ಮುಂತಾದ ಆಕಾರದ ಚಿಕ್ಕ ಮಣ್ಣಿನ ತುಂಡುಗಳನ್ನು ಟೊಳ್ಳು ಮಣ್ಣಿನ ಉಂಡೆಯೊಳಗೆ ಹಾಕಿ, ಮೇಲೆ ಮುದ್ರೆ ಉರುಳಿಸುತ್ತಿದ್ದರು. ಮೋಸ ನಡೆಯುತ್ತಿರಲಿಲ್ಲ, ಆದರೆ ಒಳಗೆಷ್ಟಿದೆ ಎಂದು ತಿಳಿಯಲು ಉಂಡೆಯನ್ನೇ ಒಡೆಯಬೇಕಿತ್ತು. ಹಾಗಾಗಿ ಕೆಲವು ಉಂಡೆಗಳ ಹೊರಮೈ ಮೇಲೂ ಅಷ್ಟೇ ಗುರುತು ಒತ್ತಿದರು. ಹೊರಗೇ ಲೆಕ್ಕ ಇದ್ದ ಮೇಲೆ ಒಳಗಿನ ತುಂಡುಗಳೇಕೆ? ಅವನ್ನು ಬಿಟ್ಟು, ಟೊಳ್ಳಿಲ್ಲದ ಮಣ್ಣಿನ ಹಲಗೆಯ ಮೇಲೆ ಗುರುತು ಮಾತ್ರ ಒತ್ತುವ ಪದ್ಧತಿ ಬಂತು.

ಈ ಹಲಗೆಗಳಲ್ಲಿ ಎಷ್ಟು ಎಂಬುದಿತ್ತು, ಏನು ಎಂಬುದಿರಲಿಲ್ಲ. ಕ್ರಿ.ಪೂ. 3300ರ ಸುಮಾರಿಗೆ ಉರುಕ್‌ನ ಲೆಕ್ಕಿಗರು ಸಂಖ್ಯೆಯ ಪಕ್ಕದಲ್ಲಿ ವಸ್ತುವಿನ ಚಿಹ್ನೆ ಗೀಚತೊಡಗಿದರು. 33 ಕುರಿ ಎನ್ನಲು ಜೊಂಡಿನ ಕಡ್ಡಿಯನ್ನು ನೆಟ್ಟಗೆ ಒತ್ತಿ ಮೂರು ದುಂಡು ಗುರುತು, ಓರೆಯಾಗಿ ಒತ್ತಿ ಮೂರು ಉದ್ದ ಗುರುತು. ಜೊತೆಗೆ ವೃತ್ತದೊಳಗೆ ಕೂಡು ಚಿಹ್ನೆಯಂಥ ಗೆರೆ, ಅಂದರೆ ಕುರಿ. ಮೂವತ್ಮೂರು ಸಲ ಕುರಿ ಬರೆಯುವ ಕೆಲಸ ಹೋಯಿತು. ಓದುವಾಗ ಎಡವುವುದೂ ಇಲ್ಲೇ: ಕುರಿಗೆ ಒಂದು ದುಂಡು ಅಂದರೆ 10, ಬಾರ್ಲಿ ಅಳೆಯುವಾಗ ಅದೇ ದುಂಡು ಚಿಕ್ಕ ಗುರುತಿನ 6 ಪಾಲು. ಅದೇ ಆರು ಗುರುತುಗಳು ಬಾರ್ಲಿಗಾದರೆ 33 ಅಲ್ಲ, 21 ಅಳತೆ. ವಸ್ತು ಯಾವುದೆಂದು ತಿಳಿಯದೆ ಸಂಖ್ಯೆ ಓದುವಂತಿಲ್ಲ.

ಸಂಖ್ಯೆಯ ಗುರುತುಗಳಷ್ಟೇ ಅಲ್ಲ, ಹಲವು ಚಿತ್ರಗಳೂ ಹಳೆಯ ಮಣ್ಣಿನ ತುಂಡುಗಳಿಂದಲೇ ಬಂದವು ಎಂದು ಪುರಾತತ್ವಜ್ಞೆ ಡೆನಿಸ್ ಶ್ಮಾಂಟ್-ಬೆಸ್ಸೆರಾಟ್ ವಾದಿಸಿದರು. ಸಂಖ್ಯೆಗಳ ಮಟ್ಟಿಗೆ ಒಪ್ಪಬಹುದು. ಚಿತ್ರಗಳ ಮಟ್ಟಿಗೆ ನನಗೆ ಅಷ್ಟು ನಂಬಿಕೆಯಿಲ್ಲ: ಕುರಿಯ ಚಿಹ್ನೆಯನ್ನು ಹೋಲುವ ತುಂಡುಗಳು ಸಿಕ್ಕಿರುವುದೇ ತೀರಾ ಕಡಿಮೆ, ಕುರಿಯಂಥ ದಿನಬಳಕೆಯ ಸರಕಿಗೆ ಅದು ಹೊಂದುವುದಿಲ್ಲ.

ಇನ್ನು ಸದ್ದಿನ ವಿಷಯ. ಕುರಿ, ಬಾರ್ಲಿಯನ್ನು ಚಿತ್ರಿಸಬಹುದು, 'ಬದುಕು' ಎಂಬುದನ್ನು ಹೇಗೆ ಚಿತ್ರಿಸುವುದು? ಆ ಪ್ರದೇಶದ ಸುಮೇರಿಯನ್ ಭಾಷೆಯಲ್ಲಿ ಬಾಣಕ್ಕೆ 'ತಿ', ಬದುಕಿಗೂ ಹೆಚ್ಚುಕಡಿಮೆ ಅದೇ ಸದ್ದು. ಬಾಣದ ಚಿಹ್ನೆಯನ್ನೇ ಬದುಕಿಗೂ ಬಳಸಿದರು. ಇಂಥ ಬಳಕೆಗೆ ಮುಖ್ಯ ಒತ್ತಡ ಬಂದದ್ದು ಬಹುಶಃ ಜನರ ಹೆಸರುಗಳಿಂದ: ಸರಕು ಪಡೆದವನ ಹೆಸರು ಬರೆಯಲೇಬೇಕು, ಹೆಸರಿಗೆ ಚಿತ್ರವಿಲ್ಲ.

ಹಾಗಿದ್ದೂ ವ್ಯಾಕರಣದ ಪ್ರತ್ಯಯಗಳನ್ನು ಬಹುಕಾಲ ಬರೆಯಲೇ ಇಲ್ಲ. ಹಲಗೆಯನ್ನು ಗೆರೆ ಎಳೆದು ಚೌಕಗಳಾಗಿ ಭಾಗಿಸುತ್ತಿದ್ದರು; ಒಂದು ಚೌಕದೊಳಗಿನ ಚಿಹ್ನೆಗಳು ಮಾತಿನ ಕ್ರಮದಲ್ಲೂ ಇರುತ್ತಿರಲಿಲ್ಲ, ಓದುವವನೇ ಜೋಡಿಸಿಕೊಳ್ಳಬೇಕಿತ್ತು. ಕ್ರಿ.ಪೂ. ಮೂರನೆಯ ಸಹಸ್ರಮಾನದ ಮಧ್ಯಭಾಗ ದಾಟುವಾಗ ಕ್ರಮವೂ ಪ್ರತ್ಯಯವೂ ಸಾಲಿಗೆ ಬಂದವು. ಸುಮೇರಿಯನ್‌ಗೆ ನಂಟೇ ಇಲ್ಲದ ಅಕ್ಕಾಡಿಯನ್ ಭಾಷೆಯನ್ನು ಬೆಣೆಯಾಕಾರದ ಗುರುತುಗಳ ಇದೇ ಲಿಪಿಯಲ್ಲಿ, ಅಂದರೆ ಬೆಣೆಲಿಪಿಯಲ್ಲಿ, ಬರೆಯಹೊರಟಾಗ ಪದದ ಕೊನೆಯ ರೂಪಗಳನ್ನು ಸದ್ದಿನಿಂದಲೇ ತೋರಿಸಬೇಕಾಯಿತು, ಹಾಗಾಗಿ ಚಿಹ್ನೆಗಳನ್ನು ಉಚ್ಚಾರಕ್ಕೆ ಬಳಸುವುದು ಇನ್ನಷ್ಟು ಹೆಚ್ಚಿತು.