ಟೆಂಡನ್ ಹೊಲಿಗೆಯಾದ ಬೆರಳನ್ನು ಇಷ್ಟು ಬೇಗ ಆಡಿಸಬಹುದಾ?

ಪ್ರಶ್ನೆ: ಮಲ್ಪೆಯಲ್ಲಿ ಮೀನು ಕೊಯ್ಯುವಾಗ ತಮ್ಮನ ಉಂಗುರ ಬೆರಳಿನ ಬುಡಕ್ಕೆ ಕತ್ತಿ ತಾಗಿ ಬೆರಳು ಮಡಚುವ ಎರಡೂ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳು, ತುಂಡಾಗಿದ್ದವು. ಹೊಲಿದು ಐದೇ ದಿನ. ಆಗಲೇ ಬೆರಳು ಆಡಿಸಿ ಅಂತಾರೆ ಆಸ್ಪತ್ರೆಯವರು. ಹೊಲಿಗೆ ಕಿತ್ತು ಬರಲ್ವಾ?

ಆಡಿಸಲೇಬೇಕು, ಆದರೆ ಅವರು ಹೇಳಿದಷ್ಟೇ. ಗಾಯ ಆಗಿರುವ ಜಾಗಕ್ಕೆ ಝೋನ್ 2 ಅಂತಾರೆ. ಅಂಗೈಯ ಮೇಲಿನ ಗೆರೆಯಿಂದ ಬೆರಳಿನ ನಡುಗಂಟಿನ ಸ್ವಲ್ಪ ಮುಂದಿನವರೆಗೆ ಅದು. ಅಲ್ಲಿ ಎರಡು ಟೆಂಡನ್ ಒಂದೇ ಇಕ್ಕಟ್ಟಾದ ಕೊಳವೆಯೊಳಗೆ ಜಾರುತ್ತವೆ. ಸುಮ್ನೆ ಬಿಟ್ಟರೆ ಗಾಯ ಮಾಗುವಾಗ ಸುತ್ತಲಿನದಕ್ಕೆ ಅಂಟಿಕೊಂಡು ಬೆರಳು ಬಿಗಿಯುತ್ತದೆ. ಈಗ ಸಾಮಾನ್ಯವಾಗಿ ಟೆಂಡನ್ ಒಳಗೆ ನಾಲ್ಕು ಅಥವಾ ಹೆಚ್ಚು ಎಳೆ ದಾಟುವ ಹೊಲಿಗೆ, ಅಂಚಿಗೆ ಸುತ್ತಲೂ ಸಣ್ಣ ಹೊಲಿಗೆ ಹಾಕುತ್ತಾರೆ. ಮೆಲ್ಲಗೆ ಆಡಿಸಿದರೆ ಅದು ತಡೆಯುತ್ತದೆ. ಹಿಡಿದೆಳೆದರೆ ತಡೆಯುವುದಿಲ್ಲ.

ಕೈಹಿಂಬದಿಗೆ ಆಸರೆಯಾಗಿ ಕೊಟ್ಟ ಗಟ್ಟಿ ಪಟ್ಟಿ, ಅಂದರೆ ಸ್ಪ್ಲಿಂಟ್, ಕಟ್ಟಿಕೊಂಡೇ ಮೊದಲು ಇನ್ನೊಂದು ಕೈಯಿಂದ ಬೆರಳನ್ನು ಮಡಚಿ ಸಡಿಲ ಮಾಡಬೇಕು. ಆಮೇಲೆ ತಾನಾಗಿ ಮೆಲ್ಲಗೆ ಮಡಚಬೇಕು, ಶುರುವಿನಲ್ಲಿ ಅರ್ಧ ಮುಷ್ಟಿ ಸಾಕು. ಬಿಡಿಸುವಾಗ ಸ್ಪ್ಲಿಂಟ್‌ಗೆ ತಾಗುವವರೆಗೆ ಮಾತ್ರ. ಸ್ಪ್ಲಿಂಟ್ ಸುಮಾರು 6 ವಾರ, ಬಲೆ ಎಳೆಯುವಂಥ ಕೆಲಸ 12 ವಾರ ಆದ ಮೇಲೆಯೇ. ನೋವಿಲ್ಲ ಅಂತ ಮೂರನೇ ವಾರಕ್ಕೇ ಬಕೆಟ್ ಎತ್ತುವುದೇ ಜಾಸ್ತಿ ಅಪಾಯ.

ನಿನ್ನೆ ಮಡಚುತ್ತಿದ್ದ ಬೆರಳತುದಿ ಇವತ್ತು ಇದ್ದಕ್ಕಿದ್ದಂತೆ ಮಡಚದಿದ್ದರೆ ಹೊಲಿಗೆ ಕಿತ್ತಿರಬಹುದು, ಅದೇ ದಿನ ಸರ್ಜನ್‌ಗೆ ತೋರಿಸಿ. ಇನ್ನೊಂದು ಕೈಯಿಂದ ಪೂರ್ತಿ ಮಡಚಲು ಬಂದರೂ ತಾನಾಗಿ ಮಡಚುವುದು ವಾರದಿಂದ ವಾರಕ್ಕೆ ಕಡಿಮೆಯಾದರೆ ಅಂಟಿಕೊಳ್ಳುತ್ತಿದೆ ಅಂತ ಅನುಮಾನಿಸಿ, ಫಿಸಿಯೋಥೆರಪಿಸ್ಟ್‌ಗೆ ಹೇಳಿ.